ವ್ಯಾಗನ್‌ಆರ್‌ಗೆ ಬೆಲೆ ಕಟ್ಟಿದ ಕಥೆ

ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪಯ್ಯ ಕಾರು ಮಾರ್ತೀನಿ ಅಂದ್ರು. ಊರು ಅಂದ್ರೆ ಹೊಸನಗರದಿಂದ ಒಂಬತ್ತು ಕಿಲೋಮೀಟರ್ ಒಳಗೆ. ಎರಡು ವರ್ಷದಿಂದ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಫಸಲು ಇಳಿದಿತ್ತು. ಅಕ್ಕನ ಎಂ.ಎಸ್ಸಿ. ಫೀಸು, ನಮ್ಮ ಕಾಲೇಜಿನ ಫೀಸು ಎರಡೂ ಒಟ್ಟಿಗೆ ಬಾಕಿ. ಹೊಸ ಕಾರು ತಗೊಳ್ಳೋಕೆ ಹಳೇದು ಮಾರೋದಲ್ಲ ಇದು. ಮಾರಿದ ಮೇಲೆ ಮನೇಲಿ ಬೈಕು ಮತ್ತು ಬಸ್ಸು, ಅಷ್ಟೇ.

ಗಾಡಿ 2014ರ ಜನವರಿಯಲ್ಲಿ ರಿಜಿಸ್ಟರ್ ಆದ ವ್ಯಾಗನ್‌ಆರ್, ಪೆಟ್ರೋಲ್, ಕೆಎ-15 ಅಂದ್ರೆ ಸಾಗರದ ನಂಬರು. ಅಪ್ಪಯ್ಯ ಆಗಲೇ ಒಬ್ಬ ಬ್ರೋಕರ್‌ಗೆ ತೋರಿಸಿದ್ರು. ಆತ ಸುತ್ತ ಒಂದು ರೌಂಡ್ ಹಾಕಿ, ಬಾಗಿಲು ಒಂದ್ಸಲ ತೆಗೆದು ಹಾಕಿ, "1,75,000 ಕೊಡ್ತೀನಿ, ನಾಳೇನೇ ಕ್ಯಾಶ್" ಅಂದನಂತೆ. ಅಪ್ಪಯ್ಯ ಹೂಂ ಅನ್ನೋದರಲ್ಲಿದ್ರು. ನಾವು ತಡೆದ್ವಿ. ನಾವೇ ಬೆಲೆ ಕಟ್ಟಿ, ನಾವೇ ನೇರವಾಗಿ ಮಾರ್ತೀವಿ ಅಂತ. ನಾವು ಅಂದ್ರೆ ಅಕ್ಕ-ತಮ್ಮ ಇಬ್ಬರು. ಹಾಗೆ ಹೇಳುವಾಗ ಈ ಗಾಡಿ ಬಗ್ಗೆ ಅಪ್ಪಯ್ಯನಿಗೆ ಗೊತ್ತಿಲ್ಲದ ಒಂದು ವಿಷಯ ನಮ್ಮಿಬ್ಬರಿಗೆ ಗೊತ್ತಿತ್ತು. ಅದಕ್ಕೆ ಆಮೇಲೆ ಬರ್ತೀವಿ.

ಇಂಜಿನಿಯರಿಂಗ್ ಬುದ್ಧಿ ಮೊದಲು ಲ್ಯಾಪ್‌ಟಾಪ್ ಕಡೆಗೇ ಹೋಗುತ್ತೆ. ಆನ್‌ಲೈನ್‌ನಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ 29 ವ್ಯಾಗನ್‌ಆರ್‌ಗಳ ಬೆಲೆ, ವರ್ಷ, ಓಡಿದ ಕಿಲೋಮೀಟರ್ ಎಲ್ಲ ಶೀಟ್‌ಗೆ ಹಾಕಿ ಒಂದು ಲೀನಿಯರ್ ಫಿಟ್ ಮಾಡಿದ್ವಿ.

```
price = a - b*age - c*km
```

ಉತ್ತರ ನೋಡಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. c ಉಲ್ಟಾ ಬಂದಿತ್ತು. ಅಂದ್ರೆ ಗಾಡಿ ಜಾಸ್ತಿ ಓಡಿದಷ್ಟೂ ಬೆಲೆ ಜಾಸ್ತಿ ಅಂತ ಲೆಕ್ಕ ಹೇಳ್ತಿತ್ತು! ಯೋಚನೆ ಮಾಡಿದ ಮೇಲೆ ಕಾರಣ ಗೊತ್ತಾಯ್ತು. ವಯಸ್ಸು ಮತ್ತು ಕಿಲೋಮೀಟರ್ ಎರಡೂ ಜೊತೆಜೊತೆಗೇ ಏರುತ್ತವೆ. ಯಾವುದರಿಂದ ಎಷ್ಟು ಬೆಲೆ ಇಳೀತು ಅಂತ ಬೇರೆ ಮಾಡೋದು ಬರೀ 29 ಗಾಡಿಗಳ ಲೆಕ್ಕಕ್ಕೆ ಆಗೋ ಕೆಲಸ ಅಲ್ಲ. ಅದರ ಮೇಲೆ ಹನ್ನೆರಡು ವರ್ಷದ ಹಳೇ ಗಾಡಿಗಳು 40,000 ಓಡಿವೆ ಅಂತ ಹಾಕಿದ್ರು. ಅವು ನಿಜವಾಗಿ ಅಷ್ಟೇ ಓಡಿವೆ ಅಂತ ಯಾರು ಹೇಳಬೇಕು? ಎಲ್ಲಕ್ಕಿಂತ ದೊಡ್ಡ ತಪ್ಪು ಅಂದ್ರೆ ಅಲ್ಲಿ ಇದ್ದದ್ದು ಕೇಳಿದ ಬೆಲೆ, ಮಾರಿದ ಬೆಲೆ ಅಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ ಜನರನ್ನ ಕೇಳೋಕೆ ಶುರು ಮಾಡಿದ್ವಿ. ಅದೇ ಮಾಡೆಲ್, 2013ರಿಂದ 2015ರ ಒಳಗಿನ ಗಾಡಿ, ಮಾರಿ ದುಡ್ಡು ಕೈಗೆ ಬಂದವರು ಮಾತ್ರ. ನೆಂಟರು, ಸೊಸೈಟಿಯವರು, ಗ್ಯಾರೇಜಿನವರು ಎಲ್ಲರನ್ನೂ ಕೇಳಿ ನಾಲ್ಕು ಸಿಕ್ಕವು. ಮೂರು ಗಾಡಿ ಮಳೆಗಾಲದ ಹೊತ್ತಿಗೆ 2,60,000, 2,70,000, 2,75,000ಕ್ಕೆ ಹೋಗಿದ್ದವು. ನಾಲ್ಕನೆಯದು ಅಕ್ಟೋಬರ್ ಮೊದಲ ವಾರದಲ್ಲಿ 2,50,000ಕ್ಕೆ. ಸ್ಥಿತಿ ಹೆಚ್ಚುಕಡಿಮೆ ಒಂದೇ. ಹಾಗಾದ್ರೆ ಯಾಕೆ ಕಮ್ಮಿ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿತ್ತು. ಹೊಸ ವ್ಯಾಗನ್‌ಆರ್‌ನ ಆರಂಭದ ಶೋರೂಂ ಬೆಲೆ ಐದು ಲಕ್ಷದ ಆಸುಪಾಸಿಗೆ ಬಂತು. ಹೊಸದು ಇಳಿದ್ರೆ ಹಳೇದೂ ಇಳಿಯಲೇಬೇಕಲ್ಲ. ಆಗಸ್ಟ್ ತಿಂಗಳ ರೇಟು ಹಿಡ್ಕೊಂಡು ಅಕ್ಟೋಬರ್‌ನಲ್ಲಿ ಕೂತ್ರೆ ಯಾರೂ ಫೋನ್ ಮಾಡಲ್ಲ. ಹಂಗಾಗಿ ನಾಲ್ಕನೇ ಗಾಡಿಗೆ ಹೆಚ್ಚು ತೂಕ ಕೊಟ್ಟು, ಚೆನ್ನಾಗಿರೋ ಒಂದು ಗಾಡಿಗೆ 2,55,000 ಅಂತ ಬುಡ ಇಟ್ಕೊಂಡ್ವಿ. ಇನ್ನು ನಮ್ಮ ಗಾಡಿ ಆ "ಚೆನ್ನಾಗಿರೋ ಗಾಡಿ"ಗಿಂತ ಎಲ್ಲೆಲ್ಲಿ ಬೇರೆ ಅಂತ ನೋಡಬೇಕು.

ಮೊದಲು ಕಿಲೋಮೀಟರ್. (ಮೈಲೇಜ್ ಅಂದ್ರೆ ನಮ್ಮ ಕಡೆ ಲೀಟರಿಗೆ ಎಷ್ಟು ಕೊಡುತ್ತೆ ಅಂತ ಅರ್ಥ, ಅದಕ್ಕೇ ಆ ಪದ ಬಳಸ್ತಾ ಇಲ್ಲ.) ಮೀಟರ್‌ನಲ್ಲಿ 69,000 ಚಿಲ್ಲರೆ ಇತ್ತು. ಸುಮಾರು ಹನ್ನೆರಡು ವರ್ಷಕ್ಕೆ ಇದು ಕಮ್ಮಿ. ಕಮ್ಮಿ ಇರೋದೇ ಕಷ್ಟ, ಯಾಕಂದ್ರೆ ಯಾರೂ ನಂಬಲ್ಲ. ಮೀಟರ್ ತಿರುಗಿಸ್ತಾರೆ ಅಂತ ಎಲ್ಲರಿಗೂ ಗೊತ್ತು. ಮೊದಲ ನಾಲ್ಕು ವರ್ಷ ಕಂಪನಿ ಸರ್ವಿಸ್ ಸೆಂಟರ್‌ನಲ್ಲೇ ಸರ್ವಿಸ್ ಆಗಿತ್ತು, ಬಿಲ್‌ಗಳಿದ್ದವು, ಪ್ರತಿ ಬಿಲ್‌ನಲ್ಲೂ ಕಿಲೋಮೀಟರ್ ಇತ್ತು. 2018ರ ನಂತರ ಹೊಸನಗರದ ಗ್ಯಾರೇಜು. ಅಲ್ಲಿ ಬಿಲ್ಲೇ ಇಲ್ಲ. ಕಾಗದದ ಪ್ರಕಾರ ನಮ್ಮ ಗಾಡಿಗೆ ಏಳು ವರ್ಷ ಸರ್ವಿಸೇ ಆಗಿಲ್ಲ!

ಆಗ ಅಮ್ಮ ಅಪ್ಪಯ್ಯನ ಡೈರಿಗಳನ್ನ ತಂದು ಮುಂದೆ ಹಾಕಿದ್ರು. ಅಡಿಕೆ ಲೆಕ್ಕ, ಕೂಲಿ ಲೆಕ್ಕ, ಗೊಬ್ಬರದ ಲೆಕ್ಕದ ನಡುವೆ ಅಲ್ಲಲ್ಲಿ ಒಂದು ಸಾಲು: "ಕಾರು ಆಯಿಲ್, ಫಿಲ್ಟರ್, 41,260, ರೂ. 1,850." ತಾರೀಖು ಮೇಲೆ ಅಚ್ಚಾಗಿಯೇ ಇರುತ್ತೆ. ಕಂಪನಿ ಬಿಲ್ಲು, ಡೈರಿ ಎರಡೂ ಸೇರಿಸಿ ನಮಗೆ 23 ಬಿಂದು ಸಿಕ್ಕವು. ಅದನ್ನ ಗ್ರಾಫ್ ಶೀಟಿನ ಮೇಲೆ ಹಾಕಿದ್ವಿ. ಅಡ್ಡಕ್ಕೆ ತಾರೀಖು, ಉದ್ದಕ್ಕೆ ಕಿಲೋಮೀಟರ್.

ಆ ಗೆರೆ ನೋಡಿದ್ರೆ ನಮ್ಮನೆ ಕಥೆಯೇ ಕಾಣುತ್ತೆ. ಅಜ್ಜ ಓಡಿಸ್ತಿದ್ದ ಮೊದಲ ಮೂರು ವರ್ಷ ವರ್ಷಕ್ಕೆ 4,500ದಂತೆ ನಿಧಾನಕ್ಕೆ ಹತ್ತುತ್ತೆ. 2020ರಲ್ಲಿ ಲಾಕ್‌ಡೌನ್, ಗೆರೆ ಮಲಗಿಬಿಡುತ್ತೆ, ಇಡೀ ವರ್ಷ 1,900. ಅಮ್ಮನ ಮೊಣಕಾಲಿಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಓಡಾಡಿದ 2023ರಲ್ಲಿ 9,500, ಗೆರೆ ಗಕ್ಕನೆ ಮೇಲೇಳುತ್ತೆ. ಎಲ್ಲೂ ಕೆಳಗೆ ಇಳಿಯಲ್ಲ. ಮೀಟರ್ ತಿರುಗಿಸಿದ ಗಾಡಿಗೆ ಇಂಥ ಗೆರೆ ಬರೋಕೆ ಸಾಧ್ಯ ಇಲ್ಲ, ಎಲ್ಲೋ ಒಂದು ಕಡೆ ಕೆಳಗೆ ಬೀಳಲೇಬೇಕು, ಇಲ್ಲಾ ಕಾರಣ ಇಲ್ಲದೆ ವರ್ಷಗಟ್ಟಲೆ ಮಲಗಬೇಕು. ಡೈರಿಯಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು, ನಿಜ. ಆದ್ರೆ ಹಿಂದೆ ಮುಂದೆ ಅಡಿಕೆ ಲೆಕ್ಕ ಇರೋ ಡೈರಿಯಲ್ಲಿ ಒಬ್ಬ ಮನುಷ್ಯ ಏಳು ವರ್ಷ ಮುಂಚೆಯೇ ಕಾರು ಮಾರೋಕೆ ಸುಳ್ಳು ಬರೆದಿಟ್ಟಿದ್ದಾನೆ ಅಂತ ನಂಬೋದು ಕಷ್ಟ.

ಹಾಗಾದ್ರೆ ಕಮ್ಮಿ ಓಡಿದ್ದಕ್ಕೆ ಒಂದಿಪ್ಪತ್ತು ಸಾವಿರ ಜಾಸ್ತಿ ಹಾಕೋಣ ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು. ವಾದ ಮುಗಿಸಿದ್ದು ಒಂದು ಸ್ಟಾಪ್‌ವಾಚ್. ಮನೆಯಿಂದ ಹೊಸನಗರಕ್ಕೆ ಒಂಬತ್ತು ಕಿಲೋಮೀಟರ್ ಹೋಗೋಕೆ 22 ನಿಮಿಷ ಹಿಡೀತು. ಗಂಟೆಗೆ 25 ಕಿಲೋಮೀಟರ್ ಕೂಡ ಇಲ್ಲ. ಆ ಲೆಕ್ಕದಲ್ಲಿ 69,000 ಕಿಲೋಮೀಟರ್ ಅಂದ್ರೆ ಇಂಜಿನ್ ಸುಮಾರು 2,760 ಗಂಟೆ ತಿರುಗಿದೆ. ಅದೇ ಹೈವೇಯಲ್ಲಿ ಗಂಟೆಗೆ 55ರಂತೆ ಓಡಿದ ಗಾಡಿ ಅಷ್ಟು ಗಂಟೆಯಲ್ಲಿ ಒಂದೂವರೆ ಲಕ್ಷ ದಾಟಿರುತ್ತೆ. ಅದರಲ್ಲೂ ನಮ್ಮನೆ ಏರು ಫಸ್ಟ್ ಗೇರಲ್ಲೇ ಹತ್ತಬೇಕು. ಮಲೆನಾಡಿನ ಕಿಲೋಮೀಟರ್ ಕಮ್ಮಿ ಕಂಡ್ರೂ ಕಮ್ಮಿಯಲ್ಲ. ಕಿಲೋಮೀಟರ್‌ಗೆ ಅಂತ ಏನೂ ಸೇರಿಸಲಿಲ್ಲ, ಏನೂ ಕಳೀಲಿಲ್ಲ.

ಕಳೆದದ್ದು ಕ್ಲಚ್ಚಿಗೆ. ಅದನ್ನ ನೋಡೋ ವಿಧಾನ ಗ್ಯಾರೇಜಿನವರು ಹೇಳಿಕೊಟ್ರು. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮುಂದೆ ಯಾರೂ ಇಲ್ಲದಂಗೆ ನೋಡ್ಕೊಂಡು, ಮೂರನೇ ಗೇರ್ ಹಾಕಿ ಕ್ಲಚ್ ಬಿಡಬೇಕು. ಕ್ಲಚ್ ಗಟ್ಟಿ ಇದ್ರೆ ಇಂಜಿನ್ ತಕ್ಷಣ ಆಫ್ ಆಗುತ್ತೆ. ನಮ್ಮದು ಎರಡು ಸೆಕೆಂಡ್ ನರಳಿ ಆಮೇಲೆ ಆಫ್ ಆಯ್ತು. ಪ್ಲೇಟು ಸವೆದಿದೆ ಅಂತ ಅರ್ಥ. ಬದಲಿಸೋಕೆ 7,000. ಮುಂದಿನ ಎರಡು ಟೈರಿಗೆ ಇನ್ನೊಂದು 7,000.

ಆಮೇಲೆ ಎಷ್ಟನೇ ಓನರ್ ಅನ್ನೋ ಪ್ರಶ್ನೆ. ಗಾಡಿ ಅಜ್ಜನ ಹೆಸರಲ್ಲಿತ್ತು. ಅಜ್ಜ ತೀರಿಕೊಂಡಿದ್ದು 2017ರಲ್ಲಿ. ಫಾರ್ಮ್ 31 ಕೊಟ್ಟು ಅಪ್ಪಯ್ಯನ ಹೆಸರಿಗೆ ಮಾಡಿಸಿದ್ರು. ಹಾಗಾಗಿ ದಾಖಲೆಯಲ್ಲಿ ಅಪ್ಪಯ್ಯ ಎರಡನೇ ಓನರ್. ಗಾಡಿ ನಿಂತ ಕೊಟ್ಟಿಗೆ ಅದೇ, ಓಡಿದ ರಸ್ತೆ ಅದೇ, ಆದ್ರೂ mParivahan ನೋಡಿದವರಿಗೆ ಎರಡು ಅಂತಲೇ ಕಾಣುತ್ತೆ. ಕೊಳ್ಳೋರು ಓನರ್ ಸಂಖ್ಯೆಗೆ ಯಾಕೆ ಹೆದರ್ತಾರೆ? ಪ್ರತಿ ಸಲ ಕೈ ಬದಲಾದಾಗ ಗಾಡಿಯ ಹಿಂದಿನ ಕಥೆ ಅಲ್ಲಿಗೇ ನಿಂತುಹೋಗುತ್ತೆ. ಹಿಂದಿನವರು ಯಾಕೆ ಮಾರಿದ್ರು ಅಂತ ಗೊತ್ತಾಗಲ್ಲ. ನಮ್ಮಲ್ಲಿ ಕಥೆ ತುಂಡಾಗಿರಲಿಲ್ಲ. ಅಜ್ಜನ ಮರಣ ಪ್ರಮಾಣಪತ್ರದ ಪ್ರತಿಯನ್ನ ಆರ್‌ಸಿ ಜೊತೆ ಇಟ್ಟು, ಇದಕ್ಕೆ ಒಂದು ಪೈಸೆಯೂ ಇಳಿಸೋದಿಲ್ಲ ಅಂತ ತೀರ್ಮಾನ ಮಾಡಿದ್ವಿ. ಒಂದು ಮಾತು ಇಲ್ಲೇ ಹೇಳಿಬಿಡ್ತೀವಿ. ಓನರ್ ಸಂಖ್ಯೆಗಿಂತ ನಮಗೆ ಫೋನ್ ಮಾಡಿದವರು ಹೆಚ್ಚು ಕೇಳಿದ್ದು ರಿಜಿಸ್ಟ್ರೇಷನ್ ಎಷ್ಟು ದಿನ ಇದೆ ಅಂತ. ಹದಿನೈದು ವರ್ಷ ಅಂದ್ರೆ 2029ರ ಜನವರಿ. ಆಮೇಲೆ ಫಿಟ್‌ನೆಸ್ ಮಾಡಿಸಿ ರಿನ್ಯೂ ಮಾಡಿಸಬೇಕು. ಹೋಲಿಸೋಕೆ ಅದೇ ವಯಸ್ಸಿನ ಗಾಡಿಗಳನ್ನೇ ತಗೊಂಡಿದ್ದು ಇದಕ್ಕೇ.

ಈಗ ಆಕ್ಸಿಡೆಂಟು. ಎರಡಿದ್ದವು. ಒಂದು ಊರಿಗೆಲ್ಲ ಗೊತ್ತಿದ್ದದ್ದು.

2019ರ ಜುಲೈ, ಹುಲಿಕಲ್ ಘಾಟಿ, ಮುಂದೆ ಏನೂ ಕಾಣದಂಥ ಮಂಜು. ಅಪ್ಪಯ್ಯ ಕುಂದಾಪುರದಿಂದ ಬರೋವಾಗ ಎದುರಿಂದ ಲಾರಿ ಬಂತು ಅಂತ ಎಡಕ್ಕೆ ಎಳೆದು ಮೋರಿ ಕಟ್ಟೆಗೆ ಹೊಡೆದ್ರು. ಬಂಪರ್, ಎಡಗಡೆ ಹೆಡ್‌ಲೈಟು, ಫೆಂಡರ್, ಬಾನೆಟ್ ಎಲ್ಲ ಹೋಯ್ತು. ಇನ್ಶೂರೆನ್ಸ್ ಕ್ಲೇಮ್ ಆಯ್ತು, 38,000 ರೂಪಾಯಿ ಬಿಲ್ಲು. ಫೋಟೋ ನೋಡಿದ್ರೆ ಭಯ ಆಗುತ್ತೆ. ಆದ್ರೆ ಬೆಲೆ ಕಟ್ಟೋವಾಗ ನೋಡಬೇಕಾದ್ದು ಫೋಟೋ ಅಲ್ಲ, ಯಾವ ಭಾಗ ಅನ್ನೋದು. ಬಂಪರ್, ಬಾನೆಟ್, ಮುಂದಿನ ಫೆಂಡರ್, ಬಾಗಿಲು ಇವೆಲ್ಲ ಬೋಲ್ಟ್ ಹಾಕಿ ಕೂರಿಸಿರೋವು. ಬಿಚ್ಚಿ ಹೊಸದು ಹಾಕಿದ್ರೆ ಗಾಡಿಯ ಗಟ್ಟಿತನಕ್ಕೆ ಏನೂ ಆಗಲ್ಲ. ವೆಲ್ಡ್ ಮಾಡಿರೋ ಭಾಗಗಳು ಬೇರೆ. ಬಾನೆಟ್ ಎತ್ತಿದ್ರೆ ಒಳಗೆ ಎರಡೂ ಪಕ್ಕ ಕಾಣೋ ಏಪ್ರನ್, ಬಾಗಿಲ ನಡುವಿನ ಪಿಲ್ಲರ್, ರೂಫ್, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್. ಇಂಥ ಕಾರಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ಈ ಭಾಗಗಳು ಮಡಚಿಕೊಂಡ್ರೆ ಗಾಡಿಯ ಬೆನ್ನೆಲುಬಿಗೇ ಪೆಟ್ಟು.

ನಾವು ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದ್ವಿ. ಫೆಂಡರ್ ಬೋಲ್ಟ್‌ಗಳ ತಲೆ ಮೇಲೆ ಪೇಂಟ್ ಕಿತ್ತಿತ್ತು, ಅಂದ್ರೆ ಸ್ಪ್ಯಾನರ್ ಬಿದ್ದಿದೆ. ಆದ್ರೆ ಏಪ್ರನ್ ಮೇಲೆ ಫ್ಯಾಕ್ಟರಿಯ ಸ್ಪಾಟ್ ವೆಲ್ಡ್, ಗುಂಡಗೆ ಗುಳಿ ಬಿದ್ದ ಗುರುತುಗಳು, ಸಮ ಅಂತರದಲ್ಲಿ ಎರಡೂ ಕಡೆ ಒಂದೇ ಥರ ಇದ್ದವು. ಬಿಲ್‌ನಲ್ಲೂ ಏಪ್ರನ್ ಹೆಸರಿಲ್ಲ. ಹಾಗಾಗಿ ಅಷ್ಟು ದೊಡ್ಡ ಆಕ್ಸಿಡೆಂಟಿಗೆ ನಾವು ಕಳೆದದ್ದು 5,000 ಮಾತ್ರ.

ಇನ್ನೊಂದು ಯಾವ ದಾಖಲೆಯಲ್ಲೂ ಇರಲಿಲ್ಲ.

2022ರಲ್ಲಿ ಅಪ್ಪಯ್ಯ ನಾಲ್ಕು ದಿನ ಊರಲ್ಲಿ ಇಲ್ಲದಾಗ ನಾವಿಬ್ಬರು ಕಾರು ತಗೊಂಡು ತೀರ್ಥಹಳ್ಳಿಗೆ ಸಿನಿಮಾಕ್ಕೆ ಹೋಗಿದ್ವಿ. ವಾಪಸ್ ಬರ್ತಾ ನೆಂಟರ ಮನೆ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಜಂಬಿಟ್ಟಿಗೆ ಕಂಬಕ್ಕೆ ಎಡಗಡೆ ಹಿಂಭಾಗ ತಾಗಿತು. ಸ್ಟೀರಿಂಗ್ ಯಾರ ಕೈಲಿತ್ತು ಅಂತ ಬರೆಯಬಾರದು ಅಂತ ಒಪ್ಪಂದ ಆಗಿದೆ. ಲೈಸೆನ್ಸ್ ಅಕ್ಕನಿಗೆ ಮಾತ್ರ ಇತ್ತು, ಅಷ್ಟು ಹೇಳಿದ್ರೆ ಸಾಕು. ಒಂದು ಅಂಗೈ ಅಗಲದ ಗುಳಿ. ಅಜ್ಜಿ ಹತ್ರ ಗುಟ್ಟಾಗಿ 4,500 ಇಸ್ಕೊಂಡು, ಸಾಗರದಲ್ಲಿ ಒಂದು ಕಡೆ ಎರಡೇ ದಿನದಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆಸಿದ್ವಿ. ಅಪ್ಪಯ್ಯ ಬರೋವಷ್ಟರಲ್ಲಿ ಗಾಡಿ ಕೊಟ್ಟಿಗೆಯಲ್ಲಿ ಹಳೇ ಜಾಗದಲ್ಲೇ ನಿಂತಿತ್ತು. ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ತಮಾಷೆ ಏನಂದ್ರೆ ಕಾಗದ ನಮ್ಮ ಪರವಾಗಿಯೇ ಇತ್ತು. 2019ರ ಕ್ಲೇಮ್ ಆದ ಮೇಲೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬಿತ್ತು. ಆಮೇಲೆ ವರ್ಷ ವರ್ಷ 20, 25, 35, 45 ಅಂತ ಹತ್ತಿ ಈ ವರ್ಷದ ಪಾಲಿಸಿಯಲ್ಲಿ 50 ಪರ್ಸೆಂಟಿಗೆ ಬಂದು ನಿಂತಿತ್ತು. ತಿಳಿದವರು ಪಾಲಿಸಿ ನೋಡಿ "ಐದು ವರ್ಷದಿಂದ ಗಾಡಿಗೆ ಏನೂ ಆಗಿಲ್ಲ" ಅಂತಾರೆ. ನಿಜವಾಗಿ ಅದು ಹೇಳೋದು ಐದು ವರ್ಷದಿಂದ ಕ್ಲೇಮ್ ಆಗಿಲ್ಲ ಅಂತ ಮಾತ್ರ. ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ್ದು ಅಲ್ಲಿ ಕಾಣಲ್ಲ. ನಾವು ಮೊದಲ ಸಲ ಬೆಲೆ ಪಟ್ಟಿ ಮಾಡಿದಾಗ ಈ ಗುಳಿಯ ಸಾಲು ಬಿಟ್ಟುಬಿಟ್ವಿ. ಬಿಡೋಣ ಅಂತ ಮಾತಾಡ್ಕೊಂಡು ಬಿಟ್ಟಿದ್ದಲ್ಲ. ಇಬ್ಬರೂ ಆ ಸಾಲು ಬರೀಲಿಲ್ಲ, ಇಬ್ಬರೂ ಕೇಳಲಿಲ್ಲ.

ಮೊದಲು ನೋಡೋಕೆ ಬಂದವರು ಸಾಗರದವರು, ಜೊತೆಗೆ ಒಬ್ಬ ಪೇಂಟರ್. ಆತ ಜೇಬಿಂದ ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ತೆಗೆದು ಬಾಡಿ ಮೇಲೆಲ್ಲ ಆಡಿಸಿದ. ಕಬ್ಬಿಣದ ಮೇಲೆ ತೆಳ್ಳಗೆ ಪೇಂಟ್ ಇದ್ರೆ ಮ್ಯಾಗ್ನೆಟ್ ಹಿಡಿಯುತ್ತೆ. ಫ್ಯಾಕ್ಟರಿ ಪೇಂಟ್ ಒಂದು ಮಿಲಿಮೀಟರ್‌ನ ಹತ್ತರಲ್ಲೊಂದು ಭಾಗದ ಆಸುಪಾಸು ಇರುತ್ತೆ, ಪುಟ್ಟಿ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಎಡಗಡೆ ಹಿಂದೆ ಬಂದಾಗ ಮ್ಯಾಗ್ನೆಟ್ ಜಾರಿ ಕೆಳಗೆ ಬಿತ್ತು. ಆತ ಕೂತು ಬೆರಳಿಂದ ಒತ್ತಿ ನೋಡಿದ. ಚಕ್ರದ ಅಂಚಿನ ಹತ್ರ ಪೇಂಟ್ ಕೆಳಗೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ನಾವು ದಿನಾ ನೋಡೋ ಗಾಡಿ, ನಮಗೇ ಕಂಡಿರಲಿಲ್ಲ.

"ಇದು ಹಿಂದಿಂದ ಜೋರು ಹೊಡೆಸ್ಕೊಂಡ ಗಾಡಿ. ಕ್ವಾರ್ಟರ್ ಕಟ್ಟಿಂಗ್ ಆಗಿರಬಹುದು" ಅಂದ. ಅಪ್ಪಯ್ಯ, "ಇಲ್ಲಪ್ಪ, ಹಿಂದೆ ಏನೂ ಆಗಿಲ್ಲ, ಮುಂದೆ ಒಂದ್ಸಲ ಆಗಿದೆ, ಬಿಲ್ ತೋರಿಸ್ತೀನಿ" ಅಂದ್ರು. ಸಾಗರದವರು ಅಪ್ಪಯ್ಯನ ಮುಖ ನೋಡಿದ ರೀತಿ ನಮಗೆ ಇನ್ನೂ ನೆನಪಿದೆ. ಆಮೇಲೆ ಅವರು ಡೈರಿ ನೋಡಲಿಲ್ಲ, ಗ್ರಾಫ್ ನೋಡಲಿಲ್ಲ, ಬಿಲ್ ಕೂಡ ನೋಡಲಿಲ್ಲ. 1,80,000 ಆದ್ರೆ ಹೇಳಿ ಅಂತ ಹೋದ್ರು.

ಅಂದ್ರೆ ಬ್ರೋಕರ್ ಹೇಳಿದ್ದಕ್ಕಿಂತ ಬರೀ 5,000 ಜಾಸ್ತಿ. ಅಂಗೈ ಅಗಲದ ಒಂದು ಗುಳಿ ಐವತ್ತು ಸಾವಿರ ತಿಂದುಹಾಕಿತ್ತು, ಜೊತೆಗೆ ಅಪ್ಪಯ್ಯ ಸುಳ್ಳುಗಾರ ಅನ್ನಿಸಿಕೊಂಡ್ರು.

ಅವತ್ತು ಸಂಜೆ ಹೇಳಿದ್ವಿ. ಅಪ್ಪಯ್ಯ ಅಡಿಕೆ ಸುಲಿಯೋ ಮಣೆ ಸರಿ ಮಾಡ್ತಾ ಕೂತಿದ್ರು. ಪೂರ್ತಿ ಕೇಳಿ, "ಎಷ್ಟು ಕೊಟ್ರಿ ಆವಾಗ?" ಅಂದ್ರು. 4,500 ಅಂದ್ವಿ. "ಅದ್ಕೇ ಗುಳ್ಳೆ ಎದ್ದಿರೋದು. ಪ್ರೈಮರ್ ಹೊಡೆದಿರಲ್ಲ." ಸ್ವಲ್ಪ ಹೊತ್ತು ಬಿಟ್ಟು, "ದುಡ್ಡು ಯಾರು ಕೊಟ್ಟಿದ್ದು?" ಅಂದ್ರು. ಅಜ್ಜಿ ಒಳಗಿಂದ ಕೆಮ್ಮಿದ್ರು. ಆಮೇಲೆ ಎರಡು ದಿನ ಅಪ್ಪಯ್ಯ ನಮ್ಮ ಹತ್ರ ಕಾರಿನ ವಿಷಯ ಬಿಟ್ಟು ಬೇರೆ ಏನೂ ಮಾತಾಡಲಿಲ್ಲ. ಕಾರಿನ ವಿಷಯ ಮಾತ್ರ ಚೆನ್ನಾಗಿ ಮಾತಾಡಿದ್ರು.

ಅವರು ಹೇಳಿದ್ದೇ ಸರಿ ಇತ್ತು. ಗುಳಿ ಬಿದ್ದ ತಗಡನ್ನ ಹೊರಗೆ ಎಳೆದು ಸಮ ಮಾಡದೆ ಪುಟ್ಟಿ ಮೆತ್ತಿದ್ರು. ಬರೀ ತಗಡಿನ ಮೇಲೆ ಪುಟ್ಟಿ ಹಾಕಿದ್ರೆ ಅದು ನೀರು ಹೀರುತ್ತೆ. ನಮ್ಮ ಮಳೆ ಮೂರು ವರ್ಷ ಬಿದ್ರೆ ಒಳಗಿಂದ ತುಕ್ಕು ಹಿಡಿಯದೆ ಇನ್ನೇನು? ಹೊಸದಾಗಿ ಪೇಂಟ್ ಮಾಡಿಸಿ ಮಾರೋಣ್ವಾ ಅಂತ ಕೇಳಿದ್ದಕ್ಕೆ ಹೊಸನಗರದ ಟಿಂಕರ್ ಬೇಡ ಅಂದ. ಹಳೇ ಗಾಡಿಯಲ್ಲಿ ಒಂದೇ ಕಡೆ ಫಳಫಳ ಪೇಂಟ್ ಕಂಡ್ರೆ ಕೊಳ್ಳೋರು ಇನ್ನೂ ಹೆದರ್ತಾರೆ, ಹಾಕಿದ ದುಡ್ಡು ವಾಪಸ್ ಬರಲ್ಲ. ಅದರ ಬದಲು ಆತ ಮಾಡಿದ್ದು ಇಷ್ಟು. ಡಿಕ್ಕಿ ಒಳಗಿನ ಪ್ಲಾಸ್ಟಿಕ್ ಟ್ರಿಮ್‌ನ ಕ್ಲಿಪ್‌ಗಳನ್ನ ಬಿಡಿಸಿ ಕ್ವಾರ್ಟರ್ ಪ್ಯಾನೆಲ್‌ನ ಒಳಮೈ ತೋರಿಸಿದ. ಗುಳಿ ಇದ್ದ ಜಾಗದಲ್ಲಿ ತಗಡು ಇನ್ನೂ ಒಳಕ್ಕೆ ಉಬ್ಬಿತ್ತು. ಆದ್ರೆ ಚಕ್ರದ ಗೂಡಿನ ಸೀಲರ್ ಫ್ಯಾಕ್ಟರಿಯದೇ, ಸ್ಪಾಟ್ ವೆಲ್ಡ್‌ಗಳು ಹಾಗೇ ಇದ್ದವು, ಸ್ಟೆಪ್ನಿ ಇಡೋ ನೆಲದ ತಗಡಿನಲ್ಲಿ ಒಂದು ಸುಕ್ಕೂ ಇಲ್ಲ. ಹಿಂದಿಂದ ಜೋರು ಹೊಡೆತ ಬಿದ್ದಿದ್ರೆ ಮೊದಲು ಮಡಚೋದು ಆ ನೆಲವೇ. ಕ್ವಾರ್ಟರ್ ಕತ್ತರಿಸಿ ಹಾಕಿದ್ರೆ ವೆಲ್ಡ್ ಮಾಡಿದ ಉದ್ದನೆ ಗೆರೆ ಕಾಣಬೇಕು. ಎರಡೂ ಇರಲಿಲ್ಲ. ಫೋಟೋ ತೆಗೆದ್ವಿ. ಸರಿಯಾಗಿ ಮಾಡಿಸೋಕೆ ಎಷ್ಟು ಅಂತ ಆತನ ಕೈಯಲ್ಲೇ ಚೀಟಿ ಬರೆಸಿದ್ವಿ: 11,000.

ಈಗ ಪಟ್ಟಿ ಪೂರ್ತಿ ಆಯ್ತು. ಬುಡ 2,55,000. ಕ್ಲಚ್ 7,000, ಟೈರ್ 7,000, ಘಾಟಿ ಆಕ್ಸಿಡೆಂಟ್ 5,000, ಹಿಂದಿನ ಗುಳಿ 11,000. ಅದರ ಮೇಲೆ ಇನ್ನೂ 4,000, ಯಾಕಂದ್ರೆ ತಗಡು ಸರಿಯಾದ್ರೂ ಮುಂದೆ ಆ ಗಾಡಿ ಮಾರುವಾಗ ಅವರೂ ಈ ಕಥೆ ಹೇಳಬೇಕಲ್ಲ. ಉಳಿದದ್ದು 2,21,000. ಚೌಕಾಸಿಗೆ ಜಾಗ ಬಿಟ್ಟು 2,32,000 ಅಂತ ಹಾಕಿದ್ವಿ. ಅಪ್ಪಯ್ಯ ಪಟ್ಟಿಯನ್ನ ನೋಡಿ, ಗುಳಿ ಅನ್ನೋ ಸಾಲಿನ ಮುಂದೆ ತಮ್ಮ ಪೆನ್ನಿಂದ "ಮಕ್ಕಳು ತಾಗಿಸಿದ್ದು, 2022" ಅಂತ ಬರೆದ್ರು. ನಮಗೆ ಸ್ವಲ್ಪ ಮರ್ಯಾದೆ ಹೋದಂಗಾಯ್ತು, ಆದ್ರೆ ಏನೂ ಅನ್ನಲಿಲ್ಲ.

ಒಂದು ವಾರ ಬಿಟ್ಟು ತೀರ್ಥಹಳ್ಳಿಯ ಹೈಸ್ಕೂಲ್ ಮೇಷ್ಟ್ರೊಬ್ಬರು ಬಂದ್ರು, ಜೊತೆಗೆ ಮೆಕ್ಯಾನಿಕ್. ಬಂದ ತಕ್ಷಣ ಕಾಫಿಗೂ ಮುಂಚೆ ಅಪ್ಪಯ್ಯ ಅವರನ್ನ ಗಾಡಿಯ ಹಿಂದೆ ಕರ್ಕೊಂಡು ಹೋಗಿ ಗುಳ್ಳೆ ತೋರಿಸಿದ್ರು. ಮೆಕ್ಯಾನಿಕ್ ಟ್ರಿಮ್ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿ, "ಇಷ್ಟೇನಾ?" ಅಂದ. ಆತ ಆಮೇಲೆ ನೋಡಿದ್ದು ಕಾಲಡಿ ಮ್ಯಾಟ್ ಎತ್ತಿ ನೆಲದ ತುಕ್ಕು, ಬಾಗಿಲ ಅಡಿಯ ನೀರು ಹೋಗೋ ತೂತು, ಜಾಕ್ ಕೊಡೋ ಅಂಚು. ಮೇಷ್ಟ್ರು ಮಾತ್ರ ಗ್ರಾಫ್ ಹಿಡ್ಕೊಂಡು ಜಗಲಿಯಲ್ಲೇ ಕೂತುಬಿಟ್ರು. ಗಣಿತದ ಮೇಷ್ಟ್ರು ಅಂತ ಆಮೇಲೆ ಗೊತ್ತಾಯ್ತು. "ಇಲ್ಲಿ ಯಾಕೆ ಇಷ್ಟು ಕಡಿದಾಗಿದೆ?" ಅಂತ 2023ರ ಮೇಲೆ ಬೆರಳಿಟ್ಟು ಕೇಳಿದ್ರು. ಅಮ್ಮ ಮೊಣಕಾಲು ತೋರಿಸಿದ್ರು.

ಚೌಕಾಸಿ ಆಯ್ತು. ಸೈಲೆನ್ಸರ್ ಹಿಂದಿನ ಡಬ್ಬ ತೂತಾಗ್ತಾ ಬಂದಿದೆ ಅಂತ ಮೆಕ್ಯಾನಿಕ್ ತೋರಿಸಿದ. ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಮಗೆ ಗೊತ್ತೇ ಇರಲಿಲ್ಲ. ಕೊನೆಗೆ 2,20,000ಕ್ಕೆ ನಿಂತಿತು. ಬ್ರೋಕರ್ ಹೇಳಿದ್ದಕ್ಕಿಂತ 45,000 ಜಾಸ್ತಿ. ಎರಡು ಫೀಸಿಗೆ ಸರಿಹೋಗಿ ಸ್ವಲ್ಪ ಉಳೀತು. ಆ ಉಳಿದದ್ದರಲ್ಲಿ ಅಜ್ಜಿಗೆ 4,500 ವಾಪಸ್ ಕೊಟ್ಟಿದ್ದು ಅಪ್ಪಯ್ಯ.

ಫಾರ್ಮ್ 29, 30ಕ್ಕೆ ಸಹಿ ಅವತ್ತೇ ಆಯ್ತು. ಆರ್‌ಸಿಯಲ್ಲಿ ಹೆಸರು ಬದಲಾಗೋ ತನಕ ಏನಾದ್ರೂ ಅಪಘಾತ ಆದ್ರೆ ಹೊಣೆ ದಾಖಲೆಯಲ್ಲಿ ಇರೋ ಓನರ್ ಮೇಲೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಹಾಗಾಗಿ ಅದನ್ನ ನಾಳೆಗೆ ಬಿಡೋ ಹಾಗಿರಲಿಲ್ಲ. ಡೆಲಿವರಿ ಚೀಟಿಯಲ್ಲಿ ತಾರೀಖು, ಸಂಜೆ 4.40, ಮೀಟರ್ 69,182 ಅಂತ ಬರೆದ್ವಿ. ಮೇಷ್ಟ್ರು ಗ್ರಾಫ್ ಶೀಟನ್ನ ತಾವೇ ಮಡಚಿ ಜೇಬಿಗೆ ಹಾಕ್ಕೊಂಡ್ರು, ಮುಂದಿನ ಬಿಂದುಗಳನ್ನ ತಾವು ಹಾಕ್ತೀವಿ ಅಂತ. ಡೈರಿಯನ್ನೂ ಕೇಳಿದ್ರು. ಅದನ್ನ ಅಪ್ಪಯ್ಯ ಕೊಡಲಿಲ್ಲ, ಹೊಸನಗರದಲ್ಲಿ ಜೆರಾಕ್ಸ್ ಮಾಡಿಸಿ ಕಳಿಸ್ತೀವಿ ಅಂದ್ರು. ಆ ಪುಟಗಳ ಹಿಂದೆ ಅಡಿಕೆ ಲೆಕ್ಕ ಇದೆ.